‘ಉತ್ತಮ’ ಅಂದರೆ ಏನು, ಮೇಡಂ?

ಮಾರ್ಚ್ ಕೊನೆಯ ವಾರ. ವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟುಗಳು ಒಂದು ಕಡೆ, ಟೀಚರುಗಳ ಅಪ್ರೈಸಲ್ ಫಾರಂಗಳು ಇನ್ನೊಂದು ಕಡೆ. ಖಾಸಗಿ ಶಾಲೆಯೊಂದರಲ್ಲಿ ಮುಖ್ಯಶಿಕ್ಷಕಿಯಾಗಿದ್ದಷ್ಟು ವರ್ಷವೂ ನನ್ನ ಮೇಜು ಆ ವಾರ ಹೀಗೇ ಇರುತ್ತಿತ್ತು. ಫಾರಂನಲ್ಲಿ ಮೂರು ಮುಖ್ಯ ಕಲಂ: ತರಗತಿ ನಿರ್ವಹಣೆ, ಪೋಷಕರೊಂದಿಗೆ ಸಂಪರ್ಕ, ವಿದ್ಯಾರ್ಥಿಗಳ ಪ್ರಗತಿ. ಒಂದೊಂದಕ್ಕೂ ಎರಡೆರಡು ಗೆರೆ ಜಾಗ. ಹದಿನೆಂಟು ಜನ ಟೀಚರುಗಳದ್ದನ್ನೂ ನಾನು ಒಂದೇ ಸಂಜೆ ಬರೆದು ಮುಗಿಸುತ್ತಿದ್ದೆ. ‘ಶಿಸ್ತು ಉತ್ತಮವಾಗಿದೆ. ಪೋಷಕರೊಂದಿಗೆ ಒಳ್ಳೆಯ ಬಾಂಧವ್ಯ ಹೊಂದಿದ್ದಾರೆ. ಫಲಿತಾಂಶ ತೃಪ್ತಿಕರ.’ ಇಷ್ಟೇ. ಒಂದು ವರ್ಷ ಹಿಂದಿ ಟೀಚರ್ ಫಾರಂ ಪಿ.ಟಿ. ಮಾಸ್ತರಿಗೂ ಅವರದ್ದು ಇವರಿಗೂ ಹೋಗಿಬಿಟ್ಟಿತ್ತು. ಇಬ್ಬರೂ ಓದಿ ರುಜು ಹಾಕಿ ವಾಪಸ್ ಕೊಟ್ಟರು. ಯಾರಿಗೂ ಗೊತ್ತಾಗಲಿಲ್ಲ. ಗುಮಾಸ್ತರು ಫೈಲ್ ಮಾಡುವಾಗ ಹೆಸರು ನೋಡಿ ಕಂಡುಹಿಡಿದರು.

ಇದನ್ನು ನಾನು ತಮಾಷೆಯಾಗಿಯೇ ಹೇಳಿಕೊಂಡು ತಿರುಗುತ್ತಿದ್ದೆ. ಆಮೇಲೊಮ್ಮೆ ನಾಲ್ಕನೇ ತರಗತಿಗೆ ಗಣಿತ ಹೇಳುವ ಟೀಚರ್ ಒಬ್ಬರು ಫಾರಂ ಹಿಡಿದು ನನ್ನ ಕೋಣೆಗೆ ಬಂದರು. ‘ಹೋದ ವರ್ಷ ಅತ್ಯುತ್ತಮ ಅಂತ ಬರೆದಿದ್ರಿ. ಈ ವರ್ಷ ಉತ್ತಮ ಅಂತಿದೆ. ಉತ್ತಮ ಅಂದರೆ ಏನು, ಮೇಡಂ? ಏನು ಕಡಿಮೆ ಆಯ್ತು ಅಂತ ಗೊತ್ತಾದ್ರೆ ಸರಿಮಾಡ್ಕೋತೀನಿ.’ ಜಗಳಕ್ಕೆ ಬಂದವರಲ್ಲ, ನಿಜವಾಗಿ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹೋದ ವರ್ಷ ಏನು ಬರೆದಿದ್ದೆನೆಂದೇ ನನಗೆ ನೆನಪಿರಲಿಲ್ಲ.

‘ಉತ್ತಮ’ ಎಂಬುದು ಕೇಳಲು ಹೊಗಳಿಕೆ. ಆದರೆ ಅದು ಎಷ್ಟು ಕೆಡುಕು ಮಾಡಬಲ್ಲದು ಎಂಬುದಕ್ಕೆ ಸುಪ್ರೀಂ ಕೋರ್ಟಿನ 2008ರ ಒಂದು ತೀರ್ಪಿದೆ, ದೇವ್ ದತ್ ಪ್ರಕರಣ. ಅವರು ಶಿಕ್ಷಕರಲ್ಲ, ಗಡಿ ರಸ್ತೆಗಳ ಇಲಾಖೆಯ ಎಂಜಿನಿಯರ್. ಬಡ್ತಿ ಸಿಗಬೇಕಾದರೆ ಐದು ವರ್ಷದ ವರದಿಯಲ್ಲೂ ‘ಅತ್ಯುತ್ತಮ’ ಇರಬೇಕಿತ್ತು. ಒಂದು ವರ್ಷ ಮಾತ್ರ ‘ಉತ್ತಮ’ ಎಂದಿತ್ತು, ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ಬಡ್ತಿ ತಪ್ಪಿತು. ಹೊಗಳಿಕೆಯಂತೆ ಕಾಣುವ ಷರಾ ಕೂಡ ಇಂಥ ಸಂದರ್ಭದಲ್ಲಿ ಪ್ರತಿಕೂಲ ಷರಾ ಆಗುತ್ತದೆ, ಆದ್ದರಿಂದ ಸರ್ಕಾರಿ ನೌಕರನ ವರದಿಯಲ್ಲಿ ಏನೇ ಬರೆದರೂ ಅವನಿಗೆ ತಿಳಿಸಬೇಕು, ಉತ್ತರ ಕೊಡಲು ಅವಕಾಶ ಕೊಡಬೇಕು ಎಂದು ಕೋರ್ಟು ಹೇಳಿತು. 2013ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವೂ ಇದನ್ನೇ ಎತ್ತಿಹಿಡಿಯಿತು. ‘ಗೋಪ್ಯ ವರದಿ’ ಎಂಬ ಹಳೆಯ ಹೆಸರಿನ ಗೋಪ್ಯ ಹೋದದ್ದು ಹೀಗೆ. ಖಾಸಗಿ ಶಾಲೆಗಳಿಗೆ ಆ ತೀರ್ಪು ನೇರವಾಗಿ ಅನ್ವಯಿಸುವುದಿಲ್ಲ, ನಿಜ. ಆದರೆ ಅಲ್ಲಿ ಇನ್‌ಕ್ರಿಮೆಂಟ್ ನಿಂತಿರುವುದು ಈ ಎರಡು ಗೆರೆಗಳ ಮೇಲೆಯೇ.

ಆ ಟೀಚರ್ ಪ್ರಶ್ನೆ ಕೇಳಿದ ಮೇಲೆ ನಾನು ಮಾಡಿದ ಮೊದಲ ಕೆಲಸ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದದ್ದು. ಒಬ್ಬೊಬ್ಬರಿಗೂ ಹತ್ತು ಪುಟ, ಕಂಡದ್ದನ್ನು ತಾರೀಖು ಹಾಕಿ ಬರೆಯುವುದು, ಅಷ್ಟೆ. ಇದು ಯಾಕೆ ಬೇಕು ಅಂದರೆ, ಮಾರ್ಚ್‌ನಲ್ಲಿ ಕೂತು ನೆನಪಿನಿಂದ ಬರೆದಾಗ ನೆನಪಿಗೆ ಬರುವುದು ಫೆಬ್ರವರಿಯಷ್ಟೇ. ಜೂನ್‌ನಿಂದ ದಸರಾವರೆಗೆ ಆದದ್ದೆಲ್ಲ ಅಳಿಸಿಹೋಗಿರುತ್ತದೆ. ಇನ್ನೊಂದು ತೊಂದರೆಯೂ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ತೋರಿಸಿದ. ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಟ್ಟಿದ್ದರು. ನೋಡಿದರೆ ಒಂದರಲ್ಲಿ ಚೆನ್ನಾಗಿದ್ದವನು ಎಲ್ಲದರಲ್ಲೂ ಚೆನ್ನಾಗಿದ್ದ. ಒಂದು ಗುಣದ ಪ್ರಭೆ ಉಳಿದವನ್ನೂ ಬೆಳಗಿಬಿಟ್ಟಿತ್ತು. ನಮ್ಮ ಶಾಲೆಯಲ್ಲಿ ಆ ಪ್ರಭೆಯ ಹೆಸರು ವಾರ್ಷಿಕೋತ್ಸವ. ಮಕ್ಕಳಿಂದ ಚೆಂದದ ಡ್ಯಾನ್ಸ್ ಮಾಡಿಸಿದ ಟೀಚರ್‌ಗೆ ಗಣಿತದ ಫಲಿತಾಂಶದ ಕಲಂನಲ್ಲೂ ನನ್ನ ಪೆನ್ನು ಉದಾರವಾಗುತ್ತಿತ್ತು.

ಇನ್ನು ಮುಂದೆ ಹೇಳುವ ಟೀಚರ್ ಒಬ್ಬರೇ ಅಲ್ಲ. ಬೇರೆ ಬೇರೆ ವರ್ಷದ ಎರಡು ಮೂರು ಜನರನ್ನು ಬೆರೆಸಿ, ಅಂಕಿಗಳನ್ನು ಸ್ವಲ್ಪ ಬದಲಿಸಿ ಒಬ್ಬರನ್ನಾಗಿ ಮಾಡಿದ್ದೇನೆ. ನಾಲ್ಕನೇ ತರಗತಿ ‘ಬಿ’ ವಿಭಾಗ, ಮೂವತ್ತಾರು ಮಕ್ಕಳು, ಗಣಿತ.

ಮೊದಲು ತರಗತಿ ನಿರ್ವಹಣೆ. ಕಾರಿಡಾರ್‌ನಲ್ಲಿ ನಡೆದುಹೋಗುವಾಗ ಗಲಾಟೆ ಕೇಳಿಸದಿದ್ದರೆ ‘ಶಿಸ್ತು ಉತ್ತಮ’ ಎಂದು ನಾವು ತೀರ್ಮಾನಿಸುತ್ತೇವೆ. ಇದು ಕಿವಿಯಿಂದ ಮಾಡಿದ ಮೌಲ್ಯಮಾಪನ. ಮಕ್ಕಳು ಪಾಠದಲ್ಲಿ ಮುಳುಗಿದ್ದಕ್ಕೂ ಸದ್ದಿರುವುದಿಲ್ಲ, ಹೆದರಿ ಕೂತಿದ್ದಕ್ಕೂ ಇರುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹೀಗಿರುವಾಗ ಬರೀ ನಿಶ್ಶಬ್ದವನ್ನು ಹೊಗಳಿ ಬರೆದವರು ಯಾವುದನ್ನು ಹೊಗಳುತ್ತಿದ್ದೇವೆಂದು ಒಮ್ಮೆ ನೋಡಿಕೊಳ್ಳಬೇಕು. ಇನ್ನೊಂದು ಕಡೆ ಸರ್ಕಾರಿ ಶಾಲೆಯ ನಲಿಕಲಿ ಕೋಣೆಗೆ ಹೋಗಿ ನಿಂತರೆ ಸಂತೆಯ ಸದ್ದು. ಅಲ್ಲಿ ಮಕ್ಕಳು ಗುಂಪು ಗುಂಪಾಗಿ ತಟ್ಟೆಗಳ ಸುತ್ತ ಕೂತಿರುತ್ತಾರೆ. ಒಂದು ಗುಂಪಿಗೆ ಟೀಚರ್ ಪೂರ್ತಿ ಸಹಾಯ ಮಾಡುತ್ತಿದ್ದರೆ, ಇನ್ನೊಂದರಲ್ಲಿ ಮಕ್ಕಳೇ ಮಕ್ಕಳಿಗೆ ಹೇಳಿಕೊಡುತ್ತಿರುತ್ತಾರೆ, ಮತ್ತೊಂದು ತನ್ನಷ್ಟಕ್ಕೆ ತಾನು ಕಲಿಯುತ್ತಿರುತ್ತದೆ. ಅಲ್ಲಿ ಸದ್ದಿಲ್ಲದಿದ್ದರೆ ಏನೋ ಕೆಟ್ಟಿದೆ ಎಂದರ್ಥ.

ಹಾಗಾಗಿ ಒಳಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕು. ಪೂರಾ ಪೀರಿಯಡ್ಡು, ಅಂದರೆ ನಲವತ್ತು ನಿಮಿಷ. ಹಾಳೆಯ ಎಡಕ್ಕೆ ಸಮಯ, ಬಲಕ್ಕೆ ಕಂಡದ್ದು. ಕಂಡದ್ದನ್ನು ಮಾತ್ರ ಬರೆಯಬೇಕು, ‘ಉತ್ಸಾಹದಿಂದ ಪಾಠ ಮಾಡಿದರು’ ಎಂಬಂಥದ್ದು ಅಲ್ಲಿ ಬರಕೂಡದು. ನನ್ನ ಹಾಳೆಯ ಮೊದಲ ಸಾಲುಗಳು ಹೀಗಿದ್ದವು. 10.40ಕ್ಕೆ ಬೆಲ್. 10.41ಕ್ಕೆ ಟೀಚರ್ ಎರಡೂ ಕೈ ತುಂಬ ನೋಟ್‌ಬುಕ್ ಹಿಡಿದು ಬಂದರು, ಮಕ್ಕಳು ಎದ್ದು ನಿಂತು ವಂದಿಸಿದರು. ಹೆಸರು ಕರೆದು ಒಂದೊಂದೇ ನೋಟ್‌ಬುಕ್ ಕೊಟ್ಟರು. 10.45ಕ್ಕೆ ಹಂಚಿ ಮುಗಿಯಿತು, ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಎರಡು ಜಗಳ. ‘ಕೈ ಕಟ್ಟಿ, ಬಾಯಿ ಮುಚ್ಚಿ’ ಎಂದು ಎರಡು ಸಲ ಗದರಿದರು. 10.47ಕ್ಕೆ ಬೋರ್ಡಿನ ಮೇಲೆ ಮೊದಲ ಲೆಕ್ಕ.

ಬೆಲ್ಲಿನಿಂದ ಮೊದಲ ಲೆಕ್ಕಕ್ಕೆ ಏಳು ನಿಮಿಷ. ಒಂದು ದಿನ ಹೀಗಾಗಿರಬಹುದು ಎಂದು ಬೇರೆ ಬೇರೆ ವಾರಗಳಲ್ಲಿ ಇನ್ನೆರಡು ಸಲ, ಮೊದಲೇ ಹೇಳದೆ, ಹೋಗಿ ಕೂತೆ. ಹೆಚ್ಚುಕಮ್ಮಿ ಅಷ್ಟೇ. ಏಳು ನಿಮಿಷ ದೊಡ್ಡದೇನಲ್ಲ ಅನಿಸುತ್ತದೆ. ಒಂದರಿಂದ ಐದನೇ ತರಗತಿವರೆಗೆ ವರ್ಷಕ್ಕೆ ಕನಿಷ್ಠ 200 ದಿನ ಶಾಲೆ ನಡೆಯಬೇಕೆಂದು ಕಾಯ್ದೆ ಹೇಳುತ್ತದೆ. ದಿನಕ್ಕೆ ಏಳರಂತೆ 1,400 ನಿಮಿಷ, ಅಂದರೆ ಗಣಿತದ 35 ಪೀರಿಯಡ್. ‘ಪೋರ್ಷನ್ ಮುಗಿದಿಲ್ಲ ಮೇಡಂ’ ಎಂದು ಜನವರಿಯಲ್ಲಿ ಅವರು ಪರದಾಡುತ್ತಿದ್ದದ್ದು ಈ 35ಕ್ಕಾಗಿಯೇ.

ಅದೇ ಹಾಳೆಯ ಹಿಂಬದಿಯಲ್ಲಿ ನಾನು ಬೆಂಚುಗಳ ನಕ್ಷೆ ಬರೆದುಕೊಂಡಿದ್ದೆ. ಟೀಚರ್ ಯಾವ ಮಗುವಿಗೆ ಪ್ರಶ್ನೆ ಕೇಳಿದರೂ ಆ ಜಾಗದಲ್ಲಿ ಒಂದು ಗೀಟು. ಪೀರಿಯಡ್ ಮುಗಿದಾಗ 22 ಗೀಟುಗಳು. ಅದರಲ್ಲಿ 16 ಮುಂದಿನ ಎರಡು ಸಾಲಿಗೇ ಹೋಗಿದ್ದವು. ಹಿಂದಿನ ಮೂರು ಸಾಲಿಗೆ ಸೇರಿ ಆರು. ಜಗಳ ಎದ್ದ ಜಾಗದಲ್ಲಿ ಒಂದೂ ಇರಲಿಲ್ಲ. ತೋರಿಸಿದಾಗ ಟೀಚರ್ ನಂಬಲಿಲ್ಲ. ‘ನಾನು ಎಲ್ಲರನ್ನೂ ಕೇಳ್ತೀನಲ್ಲ ಮೇಡಂ’ ಎಂದರು. ಎಲ್ಲ ಟೀಚರುಗಳಿಗೂ ಹಾಗೇ ಅನಿಸುತ್ತದೆ. ನನ್ನ ಪಾಠವನ್ನು ಯಾರಾದರೂ ಹೀಗೆ ಗೀಟು ಹಾಕಿ ನೋಡಿದ್ದರೆ ನನಗೂ ಅಷ್ಟೇ ಆಶ್ಚರ್ಯವಾಗುತ್ತಿತ್ತು.

ಜೇಕಬ್ ಕೂನಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತರಗತಿಗಳ ವಿಡಿಯೊ ಚಿತ್ರಣ ಮಾಡಿ ಅಧ್ಯಯನ ನಡೆಸಿ 1970ರಲ್ಲಿ ಪುಸ್ತಕ ಬರೆದ. ಗಲಾಟೆಯಾದ ಮೇಲೆ ಟೀಚರ್ ಹೇಗೆ ಗದರಿಸುತ್ತಾರೆ ಎಂಬುದರಲ್ಲೇ ವ್ಯತ್ಯಾಸ ಇರಬೇಕೆಂದು ಅವನು ಹುಡುಕುತ್ತಿದ್ದ. ಸಿಕ್ಕಿದ್ದು ಬೇರೆಯೇ. ಗದರಿಸುವ ರೀತಿಯಿಂದ ಒಳ್ಳೆಯ ತರಗತಿಗೂ ಕೆಟ್ಟ ತರಗತಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಆಗುತ್ತಿರಲಿಲ್ಲ. ವ್ಯತ್ಯಾಸ ಇದ್ದದ್ದು ಗಲಾಟೆ ಏಳುವ ಮೊದಲು. ಬೋರ್ಡಿಗೆ ತಿರುಗಿದ್ದರೂ ಹಿಂದೆ ಯಾರು ಏನು ಮಾಡುತ್ತಿದ್ದಾರೆಂಬ ಅರಿವು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗ ನಡುವೆ ಖಾಲಿ ಸಮಯ ಬಿಡದಿರುವುದು, ಇಂಥವು. ನನ್ನ ಹಾಳೆಯಲ್ಲಿದ್ದ ಜಗಳ ಎದ್ದದ್ದೂ ನೋಟ್‌ಬುಕ್ ಹಂಚುವ ಖಾಲಿ ನಾಲ್ಕು ನಿಮಿಷದಲ್ಲೇ.

ಇಷ್ಟು ಕೈಯಲ್ಲಿದ್ದರೆ ಷರಾ ತಾನೇ ಬರೆಯಿಸಿಕೊಳ್ಳುತ್ತದೆ. ನಾನು ಬರೆದದ್ದು ಇದು: ‘ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ, ಅವಮಾನಿಸುವ ಮಾತು ಮೂರು ಭೇಟಿಯಲ್ಲೂ ಕೇಳಲಿಲ್ಲ. ಪಾಠ ಆರಂಭವಾಗಲು ಏಳು ನಿಮಿಷ ಹಿಡಿಯುತ್ತಿದೆ, ಕಾರಣ ನೋಟ್‌ಬುಕ್ ಹಂಚಿಕೆ. ಪ್ರಶ್ನೆಗಳು ಹೆಚ್ಚಾಗಿ ಮುಂದಿನ ಎರಡು ಸಾಲಿಗೆ ಹೋಗುತ್ತಿವೆ. ಬಂದ ಕೂಡಲೇ ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದು ಆಮೇಲೆ ನೋಟ್‌ಬುಕ್ ಹಂಚಿಸುವುದು, ಸಾಲಿಗೊಬ್ಬ ಮಗುವಿಗೆ ಹಂಚುವ ಕೆಲಸ ಕೊಡುವುದು ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ನವೆಂಬರ್‌ನಲ್ಲಿ ನೋಡಿದಾಗ ಆರಂಭದ ಸಮಯ ಮೂರು ನಿಮಿಷಕ್ಕೆ ಇಳಿದಿತ್ತು.’ ಇದರಲ್ಲಿ ‘ಉತ್ತಮ’ ಎಂಬ ಪದವೇ ಇಲ್ಲ, ಆದರೂ ಓದಿದವರಿಗೆ ಆ ಟೀಚರ್ ಕಾಣುತ್ತಾರೆ. ನನ್ನ ಮಾತಿನ ಮೇಲೆ ಅನುಮಾನ ಬಂದರೆ ಗಡಿಯಾರ ಹಿಡಿದು ಹೋಗಿ ಪರೀಕ್ಷಿಸಲೂಬಹುದು.

ಪೋಷಕರ ಸಂಪರ್ಕದ ಕಲಂ ಇದಕ್ಕಿಂತ ಕಷ್ಟ, ಯಾಕೆಂದರೆ ಆ ಮಾತುಕತೆ ನಡೆಯುವಾಗ ನಾವು ಎದುರಿಗೆ ಇರುವುದಿಲ್ಲ. ನಮಗೆ ಕೇಳಿಸುವುದು ದೊಡ್ಡ ದನಿ ಮಾತ್ರ. ನಾನು ಮಾಡಿದ ದೊಡ್ಡ ತಪ್ಪು ಇಲ್ಲೇ. ಒಂದು ವರ್ಷ ಒಬ್ಬ ಟೀಚರ್ ಬಗ್ಗೆ ‘ಪೋಷಕರಿಂದ ದೂರುಗಳಿವೆ’ ಎಂದು ಬರೆದಿದ್ದೆ. ‘ಯಾವ ದೂರು ಮೇಡಂ, ಯಾರು ಕೊಟ್ಟದ್ದು?’ ಎಂದು ಅವರು ಕೇಳಿದಾಗ ಲೆಕ್ಕ ಹಾಕಿ ನೋಡಿದೆ. ಒಬ್ಬರೇ ತಂದೆ, ಮೂರು ಸಲ ಬಂದಿದ್ದರು, ಮೂರು ಸಲವೂ ನನ್ನ ಕೋಣೆಯಲ್ಲಿ ಮೇಜು ಕುಟ್ಟಿದ್ದರು. ಅವರ ಬೇಡಿಕೆ ಮಗನಿಗೆ ಎರಡು ಅಂಕ ಜಾಸ್ತಿ ಕೊಡಿ ಎಂಬುದು. ಕೊಡದೆ ಇದ್ದದ್ದು ಟೀಚರ್ ಮಾಡಿದ ಸರಿಯಾದ ಕೆಲಸ. ನಾನು ಅದನ್ನು ದೂರು ಎಂದು ಬರೆದು, ಒಂದನ್ನು ‘ದೂರುಗಳು’ ಮಾಡಿದ್ದೆ. ಆ ಹಾಳೆ ಹಿಂಪಡೆದು ಬೇರೆ ಬರೆದೆ. ಅಂದಿನಿಂದ ಎಷ್ಟು ಜನ, ಯಾವಾಗ, ಯಾವ ವಿಷಯ ಎಂಬ ಮೂರೂ ಇಲ್ಲದ ದೂರು ನನ್ನ ನೋಟ್‌ಬುಕ್ಕಿಗೆ ಹೋಗಲಿಲ್ಲ.

ಪೋಷಕರ ಸಭೆಗೆ ಎಷ್ಟು ಜನ ಬಂದರು ಎಂಬುದನ್ನೂ ಟೀಚರ್ ಲೆಕ್ಕಕ್ಕೆ ಹಾಕಬಾರದು. ಶನಿವಾರ ಹತ್ತೂವರೆಗೆ ಸಭೆ ಇಟ್ಟರೆ ಗಾರ್ಮೆಂಟ್ಸ್‌ಗೆ ಹೋಗುವ ತಾಯಿ, ಅಡಿಕೆ ಕೊಯ್ಲಿಗೆ ಹೋದ ತಂದೆ ಬರುವುದಿಲ್ಲ. ಅದು ಸಭೆಯ ಸಮಯ ಗೊತ್ತುಮಾಡಿದ ನನ್ನ ತಪ್ಪು. ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳ ಸಾಲಿನಲ್ಲಿ, ಪೋಷಕರನ್ನು ನಿಯಮಿತವಾಗಿ ಭೇಟಿಮಾಡಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿ ಇವನ್ನು ತಿಳಿಸಬೇಕು ಎನ್ನುತ್ತದೆ. ನೋಡಬೇಕಾದ್ದು ಇದನ್ನು: ಮಗುವಿನ ಕಲಿಕೆಯ ಸುದ್ದಿ ಮನೆಗೆ ಹೋಗುತ್ತಿದೆಯೇ?

ಅದಕ್ಕೆ ಸಾಕ್ಷಿ ಮಕ್ಕಳ ಬ್ಯಾಗಿನಲ್ಲೇ ಇರುತ್ತದೆ. ಶಾಲಾ ಡೈರಿ. ಒಂದು ದಿನ ‘ಬಿ’ ವಿಭಾಗದ ಹತ್ತು ಡೈರಿ ತರಿಸಿ ಜುಲೈನಿಂದ ಅಕ್ಟೋಬರ್‌ವರೆಗೆ ಟೀಚರ್ ಬರೆದದ್ದನ್ನೆಲ್ಲ ಎಣಿಸಿದೆ. ಒಟ್ಟು 46 ಟಿಪ್ಪಣಿ. ಅದರಲ್ಲಿ 38 ಆಕ್ಷೇಪಣೆ: ಹೋಂವರ್ಕ್ ಮಾಡಿಲ್ಲ, ಮಾತು ಜಾಸ್ತಿ, ಜಾಮಿಟ್ರಿ ಬಾಕ್ಸ್ ತಂದಿಲ್ಲ. ಐದು ಶಾಲೆಯ ಸೂಚನೆಗಳು. ಒಳ್ಳೆಯ ಸುದ್ದಿ ಮೂರು. ಒಬ್ಬ ಹುಡುಗಿಯ ಡೈರಿಯಲ್ಲಿ ‘ಹೋಂವರ್ಕ್ ಮಾಡಿಲ್ಲ’ ಎಂಬ ಒಂದೇ ವಾಕ್ಯ ಹನ್ನೊಂದು ಸಲ. ಪ್ರತಿಯೊಂದರ ಕೆಳಗೂ ತಾಯಿಯ ರುಜು. ಆದರೆ ಜುಲೈನ ರುಜುವಿಗೂ ಸೆಪ್ಟೆಂಬರ್‌ನ ರುಜುವಿಗೂ ಹೋಲಿಕೆ ಇರಲಿಲ್ಲ. ಸೆಪ್ಟೆಂಬರ್‌ದು ಪೆನ್ಸಿಲ್‌ನಲ್ಲಿ ಒಮ್ಮೆ ಬರೆದು ಮೇಲೆ ಪೆನ್ನಿನಿಂದ ತಿದ್ದಿದ್ದು. ತಾಯಿ ಕೊನೆಯ ಎಂಟು ಟಿಪ್ಪಣಿ ನೋಡಿಯೇ ಇರಲಿಲ್ಲ.

ಇದನ್ನು ತೋರಿಸಿದಾಗ ಟೀಚರ್ ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನಕ್ಕುಬಿಟ್ಟರು. ಅಂದೇ ರಾತ್ರಿ ಎಂಟಕ್ಕೆ ಆ ತಾಯಿಗೆ ಫೋನ್ ಮಾಡಿದರಂತೆ. ‘ನಂಗೆ ಲೆಕ್ಕ ಬರಲ್ಲ ಮಿಸ್, ನಾನೇನು ಹೇಳಿಕೊಡ್ಲಿ’ ಎಂದರಂತೆ ತಾಯಿ. ‘ನೀವು ಹೇಳಿಕೊಡೋದು ಬೇಡಮ್ಮ. ದಿನಾ ಎರಡೇ ಲೆಕ್ಕ ಕೊಡ್ತೀನಿ. ಊಟಕ್ಕೆ ಮುಂಚೆ ನಿಮ್ಮ ಪಕ್ಕ ಕೂತು ಮಾಡ್ಲಿ, ಅಷ್ಟು ನೋಡ್ಕೊಳ್ಳಿ’ ಎಂದರು ಇವರು. ಮುಂದಿನ ಆರು ವಾರದಲ್ಲಿ ಆ ಹುಡುಗಿ ಹೋಂವರ್ಕ್ ತಪ್ಪಿಸಿದ್ದು ಮೂರು ದಿನ.

ಷರಾದಲ್ಲಿ ನಾನು ಎರಡನ್ನೂ ಬರೆದೆ. ‘ಮೊದಲ ನಾಲ್ಕು ತಿಂಗಳ ಡೈರಿ ಟಿಪ್ಪಣಿಗಳು ಬಹುಪಾಲು ದೂರುಗಳಾಗಿದ್ದವು, ಪೋಷಕರು ಏನು ಮಾಡಬೇಕೆಂಬುದು ಅವುಗಳಲ್ಲಿ ಇರಲಿಲ್ಲ. ನವೆಂಬರ್‌ನಿಂದ ಸಭೆಗೆ ಬರಲಾಗದ ಏಳು ಪೋಷಕರಿಗೆ ಸಂಜೆ ಫೋನ್ ಮಾಡಿ, ಮನೆಯಲ್ಲಿ ಮಾಡಬಹುದಾದ ಒಂದೇ ಕೆಲಸ ಹೇಳುತ್ತಿದ್ದಾರೆ. ಕರೆಯ ತಾರೀಖು ಮತ್ತು ವಿಷಯ ಬರೆದಿಟ್ಟಿದ್ದಾರೆ. ಮುಂದಿನ ವರ್ಷ ಈ ಕೆಲಸ ಜೂನ್‌ನಲ್ಲೇ ಶುರುವಾಗಬೇಕು.’ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಷ್ಟು ಮೆಸೇಜ್ ಹಾಕಿದರು ಎಂದು ನಾನು ಎಣಿಸಲು ಹೋಗಲಿಲ್ಲ. ಯಾರಾದರೂ ಮಕ್ಕಳ ಅಂಕಪಟ್ಟಿಯನ್ನು ಹೆಸರು ಸಮೇತ ಗುಂಪಿಗೆ ಹಾಕಿದ್ದರೆ ಮಾತ್ರ ಬರೆಯುತ್ತಿದ್ದೆ. ಅದು ಸಂಪರ್ಕ ಅಲ್ಲ, ಊರೆಲ್ಲ ಡಂಗುರ.

ಈಗ ಆಡಳಿತ ಮಂಡಳಿಯವರು ಮೊದಲು ತಿರುಗಿಸಿ ನೋಡುವ ಕಲಂ, ವಿದ್ಯಾರ್ಥಿಗಳ ಪ್ರಗತಿ. ಅವರಿಗೆ ಬೇಕಾದ್ದು ಒಂದು ಅಂಕಿ. ಆ ವರ್ಷ ಫೆಬ್ರವರಿ ಪರೀಕ್ಷೆಯಲ್ಲಿ ‘ಎ’ ವಿಭಾಗದ ಗಣಿತದ ಸರಾಸರಿ 78, ‘ಬಿ’ದು 61. ಎ ವಿಭಾಗದ ಟೀಚರ್‌ಗೆ ಶಹಬ್ಬಾಸ್, ಬಿ ವಿಭಾಗದವರಿಗೆ ‘ಇನ್ನೂ ಶ್ರಮ ಅಗತ್ಯ’. ಹಳೆಯ ನಾನಾದರೆ ಹೀಗೆಯೇ ಬರೆದುಬಿಡುತ್ತಿದ್ದೆ.

ಆದರೆ ಜೂನ್‌ನ ಸೇತುಬಂಧದ ನೈದಾನಿಕ ಪರೀಕ್ಷೆಯ ಹಾಳೆಗಳು ಕಪಾಟಿನಲ್ಲಿದ್ದವು. ಹಿಂದಿನ ತರಗತಿಯಲ್ಲಿ ಕಲಿತದ್ದು ಎಷ್ಟು ಉಳಿದಿದೆ ಎಂದು ವರ್ಷದ ಆರಂಭದಲ್ಲಿ ನೋಡುವ ಪರೀಕ್ಷೆ ಅದು. ಆಗ ಎ ವಿಭಾಗ 76ರಲ್ಲಿತ್ತು, ಬಿ ವಿಭಾಗ 49ರಲ್ಲಿ. ಒಂದು ಎರಡು ಅಂಕ ಏರಿದೆ, ಇನ್ನೊಂದು ಹನ್ನೆರಡು. ಚಿತ್ರ ತಿರುಗಾಮುರುಗಾ ಆಯಿತು. ಹಾಗಾದರೆ ‘ಹನ್ನೆರಡು ಅಂಕ ಏರಿಸಿದ್ದಾರೆ’ ಎಂದು ಬರೆಯಬಹುದೇ? ಬರೆಯಬಾರದು. ಎರಡು ಪರೀಕ್ಷೆಗಳ ಪ್ರಶ್ನೆಗಳು ಒಂದೇ ತೂಕದವಲ್ಲ. ಮೇಲಿದ್ದವರಿಗೆ ಏರಲು ಜಾಗ ಕಡಿಮೆ. ತೀರ ಕೆಳಗಿದ್ದವರು ಮುಂದಿನ ಸಲ ಹೇಗೂ ಸ್ವಲ್ಪ ಮೇಲೆ ಬರುತ್ತಾರೆ. ಟ್ಯೂಷನ್‌ಗೆ ಹೋದವರು, ನಡುವೆ ಸೇರಿದವರು ಬೇರೆ. ಅಮೆರಿಕದಲ್ಲಿ ಅಂಕಗಳ ಏರಿಕೆಯಿಂದಲೇ ಶಿಕ್ಷಕರನ್ನು ಅಳೆಯುವ ಸೂತ್ರಗಳು ಬಳಕೆಗೆ ಬಂದಾಗ ಅಲ್ಲಿನ ಸಂಖ್ಯಾಶಾಸ್ತ್ರಜ್ಞರ ಸಂಘವೇ 2014ರಲ್ಲಿ ಎಚ್ಚರಿಕೆ ಕೊಟ್ಟಿತು. ಮಕ್ಕಳ ಅಂಕಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಶಿಕ್ಷಕರ ಪಾಲು ಶೇ. 1ರಿಂದ 14 ಎಂದು ಬಹುತೇಕ ಅಧ್ಯಯನಗಳು ಹೇಳುತ್ತವೆ ಎಂದಿತು. ಮೂವತ್ತಾರು ಮಕ್ಕಳ ಒಂದು ವಿಭಾಗದ ಸರಾಸರಿ ಹಿಡಿದು ಒಬ್ಬರ ಸಂಬಳ ತೀರ್ಮಾನಿಸುವವರು ಇದನ್ನು ನೆನಪಿಡಬೇಕು.

ಸರಾಸರಿ ಬಿಟ್ಟು ಒಂದೇ ಒಂದು ಲೆಕ್ಕದ ಹಿಂದೆ ಹೋದೆ. 52ರಲ್ಲಿ 27 ಕಳೆಯಿರಿ. ದಶಕ ಸಹಿತ ವ್ಯವಕಲನ, ನಾಲ್ಕಕ್ಕೆ ಬರುವಷ್ಟರಲ್ಲಿ ಬರಲೇಬೇಕಾದ್ದು. ಜೂನ್‌ನ ಹಾಳೆಗಳಲ್ಲಿ ಬಿ ವಿಭಾಗದ ಒಂಬತ್ತು ಮಕ್ಕಳು ಉತ್ತರ 35 ಎಂದು ಬರೆದಿದ್ದರು. ಅಜಾಗರೂಕತೆ ಅಲ್ಲ ಅದು, ಒಂದು ನಿಯಮ. ಎರಡರಲ್ಲಿ ಏಳು ಹೋಗುವುದಿಲ್ಲ, ಆದ್ದರಿಂದ ಏಳರಲ್ಲಿ ಎರಡು ಕಳೆದು ಐದು. ಐದರಲ್ಲಿ ಎರಡು ಹೋದರೆ ಮೂರು. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕೆಂದು ಮಗು ಕಲಿತಿದೆ, ಯಾವ ಸಂಖ್ಯೆಯ ದೊಡ್ಡದು ಎಂಬುದು ಮಾತ್ರ ತಪ್ಪಿದೆ. ಇಂಥ ಮಗುವಿಗೆ ‘ಇನ್ನೂ ಅಭ್ಯಾಸ ಮಾಡು’ ಎಂದರೆ ತಪ್ಪನ್ನೇ ಅಭ್ಯಾಸ ಮಾಡುತ್ತದೆ.

ಟೀಚರ್ ಆ ಒಂಬತ್ತು ಜನರನ್ನು ಜುಲೈನಿಂದ ವಾರಕ್ಕೆರಡು ದಿನ ಊಟದ ವಿರಾಮದ ಕೊನೆಯ ಹದಿನೈದು ನಿಮಿಷ ಕೂರಿಸಿಕೊಂಡಿದ್ದರು. ಕಡ್ಡಿಗಳ ಕಟ್ಟು. ಹತ್ತು ಕಡ್ಡಿಗೊಂದು ರಬ್ಬರ್ ಬ್ಯಾಂಡ್. ಐವತ್ತೆರಡು ಅಂದರೆ ಐದು ಕಟ್ಟು, ಎರಡು ಬಿಡಿ. ಏಳು ಕೊಡಬೇಕಾದರೆ ಒಂದು ಕಟ್ಟು ಬಿಚ್ಚಲೇಬೇಕು. ಬಿಚ್ಚಿದ ಮೇಲೆ ಹನ್ನೆರಡು ಬಿಡಿ, ಉಳಿದದ್ದು ನಾಲ್ಕು ಕಟ್ಟು. ಇದನ್ನು ಕೈಯಲ್ಲಿ ಮಾಡಿದವರಿಗೆ ಬೋರ್ಡಿನ ಮೇಲೆ ಹೊಡೆದು ಬರೆಯುವ ‘4’ ಮತ್ತು ‘12’ ಯಾಕೆ ಬಂತೆಂದು ಗೊತ್ತಿರುತ್ತದೆ. ಫೆಬ್ರವರಿಯಲ್ಲಿ ಅದೇ ಒಂಬತ್ತು ಮಕ್ಕಳನ್ನು ನಾನೇ ಕೂರಿಸಿ ಅಂಥದ್ದೇ ಐದು ಲೆಕ್ಕ ಕೊಟ್ಟೆ. ಆರು ಜನ ನಾಲ್ಕು ಅಥವಾ ಐದು ಸರಿ ಮಾಡಿದರು. ಮೂವರಿಗೆ ಆಗಲಿಲ್ಲ. ಆ ಮೂವರಲ್ಲಿ ಒಬ್ಬ ಅಪ್ಪ ಅಮ್ಮನ ಜೊತೆ ಕೆಲಸದ ಊರಿಗೆ ಹೋಗಿ ದೀಪಾವಳಿ ಕಳೆದ ಮೇಲೆ ಬಂದವನು.

ಷರಾ: ‘ಜೂನ್‌ನಲ್ಲಿ ದಶಕ ಸಹಿತ ವ್ಯವಕಲನ ಬಾರದಿದ್ದ ಒಂಬತ್ತರಲ್ಲಿ ಆರು ಮಕ್ಕಳು ಈಗ ಸ್ವತಂತ್ರವಾಗಿ ಮಾಡುತ್ತಾರೆ. ಕಡ್ಡಿ ಕಟ್ಟುಗಳ ಬಳಕೆ, ವಾರಕ್ಕೆರಡು ದಿನದ ಪ್ರತ್ಯೇಕ ಗಮನ ಇದಕ್ಕೆ ಕಾರಣವೆಂದು ತೋರುತ್ತದೆ. ಉಳಿದ ಮೂವರಲ್ಲಿ ಒಬ್ಬನ ಗೈರುಹಾಜರಿ ಹೆಚ್ಚು; ಇನ್ನಿಬ್ಬರು ಇಪ್ಪತ್ತರ ಒಳಗಿನ ಕಳೆಯುವುದಕ್ಕೂ ಬೆರಳು ಎಣಿಸುತ್ತಾರೆ. ಚೆನ್ನಾಗಿ ಕಲಿಯುವ ಮಕ್ಕಳಿಗೆ ವರ್ಷವಿಡೀ ಹೆಚ್ಚುವರಿ ಲೆಕ್ಕ ಕೊಟ್ಟದ್ದು ನೋಟ್‌ಬುಕ್‌ಗಳಲ್ಲಿ ಕಾಣಲಿಲ್ಲ.’ ಕೊನೆಯ ವಾಕ್ಯ ಅವರಿಗೆ ಹಿಡಿಸಲಿಲ್ಲ, ಆದರೆ ನಿಜವಾಗಿತ್ತು. ‘ತೋರುತ್ತದೆ’ ಎಂಬ ಪದವನ್ನು ನಾನು ಬೇಕೆಂದೇ ಹಾಕಿದ್ದೆ. ಈ ಷರಾ ಓದಿ ಲಾಭ ಪಡೆಯುವ ಇನ್ನೊಬ್ಬರಿದ್ದಾರೆ, ಮುಂದಿನ ಜೂನ್‌ನ ಐದನೇ ತರಗತಿ ಟೀಚರ್. ಯಾವ ಮೂವರನ್ನು ಮೊದಲು ಹತ್ತಿರ ಕರೆಯಬೇಕೆಂದು ಅವರಿಗೆ ಸಿದ್ಧವಾಗಿ ಸಿಕ್ಕಿತು.

ಬರೆದದ್ದನ್ನು ಲಕೋಟೆಯಲ್ಲಿ ಹಾಕಿ ಕೊಡುವ ಪದ್ಧತಿಯನ್ನು ನಾನು ನಿಲ್ಲಿಸಿದೆ. ಎನ್‌ಸಿಇಆರ್‌ಟಿ ಪ್ರಾಥಮಿಕ ಶಿಕ್ಷಕರಿಗಾಗಿ ರೂಪಿಸಿದ ‘ಪಿಂಡಿಕ್ಸ್’ ಎಂಬ ಮಾನದಂಡಗಳ ಪಟ್ಟಿಯಲ್ಲಿ ಒಂದು ಒಳ್ಳೆಯ ಅಂಶವಿದೆ: ಮೊದಲು ಶಿಕ್ಷಕರು ತಮ್ಮನ್ನು ತಾವೇ ನಾಲ್ಕು ಹಂತಗಳಲ್ಲಿ ಅಳೆದುಕೊಳ್ಳಬೇಕು, ಆಮೇಲೆ ಮೇಲಿನವರು ನೋಡುವುದು. ನಾನೂ ಹಾಗೇ ಮಾಡಿದೆ. ಅವರ ಹಾಳೆ ಮೇಜಿನ ಮೇಲೆ, ನನ್ನ ನೋಟ್‌ಬುಕ್ ಪಕ್ಕದಲ್ಲಿ. ಒಬ್ಬೊಬ್ಬರಿಗೆ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹದಿನೆಂಟು ಜನಕ್ಕೆ ಹದಿಮೂರೂವರೆ ಗಂಟೆ. ಮಾರ್ಚ್‌ನಲ್ಲಿ ಅಷ್ಟು ಸಮಯ ಯಾವ ಹೆಡ್‌ಮಿಸ್‌ಗೂ ಇರುವುದಿಲ್ಲ, ಅದಕ್ಕೇ ಈ ಮಾತುಕತೆಯನ್ನು ನಾನು ಡಿಸೆಂಬರ್‌ಗೆ ಮತ್ತು ಫೆಬ್ರವರಿಗೆ ಹಂಚಿಕೊಂಡೆ. ಮಾರ್ಚ್‌ನಲ್ಲಿ ಉಳಿಯುತ್ತಿದ್ದದ್ದು ಬರೆಯುವ ಕೆಲಸ ಮಾತ್ರ. ಫಾರಂನ ಎರಡು ಗೆರೆ ಸಾಲುವುದಿಲ್ಲ, ಒಂದು ಹಾಳೆ ಲಗತ್ತಿಸುತ್ತಿದ್ದೆ. ಆಡಳಿತ ಮಂಡಳಿಯ ಕಾರ್ಯದರ್ಶಿಗಳು ಮೊದಲ ವರ್ಷ ‘ಇಷ್ಟುದ್ದ ಯಾರು ಓದ್ತಾರೆ ಮೇಡಂ’ ಎಂದರು. ಯಾರ ಬಗ್ಗೆ ಬರೆದಿದ್ದೇನೋ ಅವರು ಓದುತ್ತಾರೆ ಎಂದೆ.

ಆ ಹಾಳೆಯ ಕೆಳಗೆ ಟೀಚರ್ ತಮ್ಮ ಅಭಿಪ್ರಾಯ ಬರೆದು ರುಜು ಹಾಕಲು ನಾಲ್ಕು ಗೆರೆ ಬಿಟ್ಟಿದ್ದೆ. ಹೆಚ್ಚಿನವರು ‘ಓದಿದ್ದೇನೆ, ಒಪ್ಪಿದ್ದೇನೆ’ ಎಂದು ಬರೆದು ಕೊಡುತ್ತಿದ್ದರು. ನಾಲ್ಕನೇ ತರಗತಿ ‘ಬಿ’ಯ ಟೀಚರ್ ನಾಲ್ಕು ಗೆರೆಯನ್ನೂ ತುಂಬಿಸಿದ್ದರು: ‘ಪ್ರಶ್ನೆ ಕೇಳುವ ವಿಷಯ ಒಪ್ಪಿದ್ದೇನೆ, ತಿದ್ದಿಕೊಳ್ಳುತ್ತೇನೆ. ನೋಟ್‌ಬುಕ್ ಹಂಚುವುದು ತಡವಾಗುವುದು ಅವನ್ನು ಸ್ಟಾಫ್ ರೂಮಿನಿಂದ ಹೊತ್ತು ತರಬೇಕಾದ್ದರಿಂದ. ತರಗತಿಯಲ್ಲೇ ಇಡಲು ಒಂದು ಕಪಾಟು ಬೇಕೆಂದು ಜೂನ್ 12ರಂದು ಬರೆದು ಕೊಟ್ಟಿದ್ದೆ. ಇನ್ನೂ ಬಂದಿಲ್ಲ.’

ನನ್ನ ಫೈಲಿನಲ್ಲಿ ಹುಡುಕಿದೆ. ಅರ್ಜಿ ಇತ್ತು, ಮೇಲೆ ನನ್ನದೇ ಕೈಬರಹದಲ್ಲಿ ‘ನೋಡೋಣ’ ಎಂದಿತ್ತು. ಏಪ್ರಿಲ್‌ನಲ್ಲಿ ಕಪಾಟು ಬಂತು.